ವಾಚು ಎಣಿಸಿದ್ದು ನಿಮ್ಮ ಹೆಜ್ಜೆಯನ್ನು

ಪ್ರಶ್ನೆ: ಸರ್, ನಮ್ಮದು ಮಡಿಕೇರಿ, ನನಗೆ 34 ವರ್ಷ. ದಿನಾ ಬೆಳಿಗ್ಗೆ ಐದೂವರೆಗೆ ಓಡ್ತೀನಿ. ಈ ಚಳಿಗಾಲದಲ್ಲಿ ನನ್ನ ವಾಚು ಮೊದಲ ಹತ್ತು ನಿಮಿಷ ನಾಡಿ 168, 170 ಅಂತ ತೋರಿಸಿ, ಆಮೇಲೆ ತಾನಾಗೇ 138ಕ್ಕೆ ಇಳಿಯುತ್ತೆ. ಏದುಸಿರೇನೂ ಇರಲ್ಲ. ನನ್ನ ಮೈಬಣ್ಣ ಕಪ್ಪು. ಎಡ ಮಣಿಕಟ್ಟಿನ ಮೇಲೆ ಕಪ್ಪು ಶಾಯಿಯ ಟ್ಯಾಟೂ ಇದೆ, ವಾಚಿನ ಅರ್ಧ ಭಾಗ ಅದರ ಮೇಲೇ ಕೂರುತ್ತೆ. ಚರ್ಮ ಕೆಂಪಾಗುತ್ತೆ ಅಂತ ಪಟ್ಟಿ ಸಡಿಲ ಬಿಟ್ಟಿರ್ತೀನಿ. ಗೆಳೆಯರು ಒಬ್ಬೊಬ್ಬರು ಒಂದೊಂದು ಕಾರಣ ಹೇಳ್ತಾರೆ. ಅಮ್ಮನ ಬೆರಳಿಗೆ ಹಾಕೋ ಆಕ್ಸಿಮೀಟರ್ ಕೂಡ ಬೆಳಿಗ್ಗೆ ಬರೀ ಅಡ್ಡಗೆರೆ ತೋರಿಸುತ್ತೆ. ನಿಜವಾದ ಕಾರಣ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು ‘ಆಮೇಲೆ ತಾನಾಗೇ’ ಎನ್ನುವುದು. ಹತ್ತನೇ ನಿಮಿಷಕ್ಕೂ ಹನ್ನೊಂದನೇ ನಿಮಿಷಕ್ಕೂ ನಡುವೆ ನಿಮ್ಮ ಮೈಬಣ್ಣ ಬದಲಾಗಲಿಲ್ಲ, ಟ್ಯಾಟೂ ಅಳಿಸಿಹೋಗಲಿಲ್ಲ. ಬದಲಾಗಿದ್ದು ಎರಡೇ: ಕೈ ಬೆಚ್ಚಗಾಯಿತು, ಬೆವರು ಬಂದು ವಾಚಿನ ತಳ ಚರ್ಮಕ್ಕೆ ಅಂಟಿತು. ಹಾಗಾಗಿ ಆ 168ಕ್ಕೆ ಮುಖ್ಯ ಕಾರಣ ಚಳಿ ಮತ್ತು ಸಡಿಲ ಪಟ್ಟಿ ಎಂದು ಧೈರ್ಯವಾಗಿ ಹೇಳುತ್ತೇನೆ. ಬಣ್ಣ, ಟ್ಯಾಟೂ ಎರಡೂ ಪೂರ್ತಿ ನಿರಪರಾಧಿಗಳಲ್ಲ. ಆದರೆ ಅವು ಕೆಲಸ ಕೆಡಿಸುವ ರೀತಿ ಬೇರೆ. ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಿದರೆ ತಪ್ಪು ಮದ್ದು ಹುಡುಕಿಕೊಂಡು ಹೋಗುತ್ತೀರಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಾಚಿನ ತಳದಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ಅದರ ಪಕ್ಕದಲ್ಲೇ ಬೆಳಕನ್ನು ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ದೀಪದ ಬೆಳಕು ಚರ್ಮದೊಳಗೆ ಸುಮಾರು ಒಂದು ಮಿಲಿಮೀಟರ್ ಆಳಕ್ಕೆ ಇಳಿದು, ಅಲ್ಲಿ ಚದುರಿ, ಅದರಲ್ಲೊಂದು ಪಾಲು ಹಿಂದಿರುಗಿ ಸೆನ್ಸರಿಗೆ ಬೀಳುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಒಮ್ಮೆ ಒತ್ತಿದಾಗ ಚರ್ಮದ ಸಣ್ಣ ನಾಳಗಳಲ್ಲಿ ರಕ್ತ ಒಂದಿಷ್ಟು ಹೆಚ್ಚುತ್ತದೆ, ಹಿಂದಿರುಗುವ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ. ಮತ್ತೆ ರಕ್ತ ಇಳಿದಾಗ ಬೆಳಕು ಏರುತ್ತದೆ. ಈ ಏರಿಳಿತದ ಅಲೆಗಳನ್ನು ಎಣಿಸಿದರೆ ನಾಡಿ ಸಿಕ್ಕಿತು. 1930ರ ದಶಕದಿಂದಲೂ ಗೊತ್ತಿರುವ ವಿದ್ಯೆ ಇದು.

ತೊಡಕು ಇರುವುದು ಆ ಅಲೆಯ ಗಾತ್ರದಲ್ಲಿ. ಲೆಕ್ಕ ಸುಲಭವಾಗಲಿ ಎಂದು ಹೀಗೆ ಭಾವಿಸಿ: ಹಿಂದಿರುಗುವ ಬೆಳಕು 1000 ಪಾಲು. ಅದರಲ್ಲಿ ಹೃದಯದಿಂದ ಬರುವ ಏರಿಳಿತ ಬರೀ 10 ಪಾಲು. ಉಳಿದ 990 ಚರ್ಮ, ನಿಂತ ರಕ್ತ ಇವುಗಳಿಂದ ಬರುವ, ಅಲ್ಲಾಡದ ಬೆಳಕು. ಸೆನ್ಸರಿನ ಒಳಗೇ ಹುಟ್ಟುವ ನಾಯ್ಸ್, ಎಂದರೆ ಅರ್ಥವಿಲ್ಲದ ಅಡ್ಡಾದಿಡ್ಡಿ ಏರಿಳಿತ, 1 ಪಾಲು ಎಂದಿಟ್ಟುಕೊಳ್ಳೋಣ. ಅಲೆ 10, ನಾಯ್ಸ್ 1, ಎಣಿಕೆ ಸಲೀಸು. ಇವು ನಾನು ವಿವರಣೆಗೆಂದು ಹಾಕಿಕೊಂಡ ಅಂಕಿಗಳು, ಆದರೆ ಮಣಿಕಟ್ಟಿನಲ್ಲಿ ಅಲೆ ನಿಜಕ್ಕೂ ನೂರಕ್ಕೆ ಒಂದರ ಆಸುಪಾಸಿನಲ್ಲೇ ಇರುತ್ತದೆ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಇದೇ 1000, 10, 1 ಎಂಬ ಮೂರು ಅಂಕಿಗಳನ್ನು ಹಿಡಿದು ನಿಮ್ಮ ನಾಲ್ಕು ಕಾರಣಗಳನ್ನು ನೋಡೋಣ.

ಮೊದಲು ಮೈಬಣ್ಣ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಇರುವುದು ಚರ್ಮದ ತೀರಾ ಮೇಲಿನ ತೆಳುಪದರದಲ್ಲಿ. ಮಣಿಕಟ್ಟಿನಲ್ಲಿ ಆ ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ನಾಡಿ ಮಿಡಿಯುವ ರಕ್ತನಾಳಗಳು ಅದರ ಕೆಳಗಿವೆ. ಎಂದರೆ ಬೆಳಕು ಮೆಲನಿನ್ ಪರದೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಎರಡು ಸಲ ದಾಟಬೇಕು. ಒಂದೊಂದು ದಾಟಿಗೂ ಅರ್ಧ ಉಳಿಯಿತು ಎಂದರೆ ಕೊನೆಗೆ ಸಿಗುವುದು ಕಾಲು ಭಾಗ. 1000 ಇದ್ದದ್ದು 250 ಆಯಿತು, ಅಲೆಯೂ ಅದೇ ಪ್ರಮಾಣದಲ್ಲಿ 10ರಿಂದ 2.5ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದ್ದು, ಮೆಲನಿನ್ ಮಿಡಿಯುವುದಿಲ್ಲ. ಅದು ಅಲೆಯನ್ನು ಕುಗ್ಗಿಸುತ್ತದೆ, ಸಂಖ್ಯೆಯನ್ನು ತಿರುಚುವುದಿಲ್ಲ. ಬೆಳಕು ಕಡಿಮೆ ಬಂತೆಂದು ಗೊತ್ತಾದ ಕೂಡಲೇ ವಾಚು ತನ್ನ ದೀಪವನ್ನು ಜೋರು ಮಾಡುತ್ತದೆ. ನಾಲ್ಕು ಪಟ್ಟು ಜೋರು ಮಾಡಿದರೆ ಮತ್ತೆ 1000, ಮತ್ತೆ 10. ಬ್ಯಾಟರಿ ಬೇಗ ಇಳಿಯುತ್ತದೆ, ಎಣಿಕೆ ಸರಿಯಾಗಿರುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2020ರಲ್ಲಿ ಬೇರೆಬೇರೆ ಮೈಬಣ್ಣದ 53 ಜನರ ಮೇಲೆ ಹಲವು ವಾಚುಗಳನ್ನು ಪರೀಕ್ಷಿಸಿ ಪ್ರಕಟಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಮೈಬಣ್ಣಕ್ಕೆ ತಕ್ಕಂತೆ ನಾಡಿಯ ಎಣಿಕೆಯಲ್ಲಿ ಗಣನೀಯ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಕಂಡದ್ದು ಒಂದು ವಾಚಿಗೂ ಇನ್ನೊಂದು ವಾಚಿಗೂ ಇರುವ ವ್ಯತ್ಯಾಸ, ಮತ್ತು ಕೂತಾಗ ಅಳೆದದ್ದಕ್ಕೂ ಮೈ ಆಡಿಸುವಾಗ ಅಳೆದದ್ದಕ್ಕೂ ಇರುವ ವ್ಯತ್ಯಾಸ. ಹಾಗೆಂದು ಬಣ್ಣದ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ದೀಪವನ್ನು ಎಷ್ಟು ಬೇಕಾದರೂ ಜೋರು ಮಾಡಲು ಆಗುವುದಿಲ್ಲ, ಅದಕ್ಕೊಂದು ಮಿತಿ ಇದೆ. ಅಗ್ಗದ ವಾಚಿನಲ್ಲಿ ಆ ಮಿತಿ ಬೇಗ ಬರುತ್ತದೆ. ಕಪ್ಪು ಬಣ್ಣದವರ ವಾಚು ಆ ಮಿತಿಗೆ ಮೊದಲೇ ಹತ್ತಿರ ನಿಂತಿರುತ್ತದೆ, ಬೇರೊಂದು ತೊಂದರೆ ಬಂದಾಗ ತಡೆದುಕೊಳ್ಳಲು ಅದಕ್ಕೆ ಜಾಗ ಕಡಿಮೆ. ಇನ್‌ಫ್ರಾರೆಡ್ ಬೆಳಕಿಗೆ ಮೆಲನಿನ್ ಇಷ್ಟು ಅಡ್ಡ ಬರುವುದಿಲ್ಲ. ಆದರೂ ಓಟಕ್ಕೆ ಹಸಿರನ್ನೇ ಆರಿಸಲು ಕಾರಣ, ಇನ್‌ಫ್ರಾರೆಡ್ ಇನ್ನೂ ಆಳಕ್ಕೆ ಇಳಿದು ಸ್ನಾಯು, ಅಭಿಧಮನಿಗಳ ಕುಲುಕಾಟವನ್ನೆಲ್ಲ ಹೊತ್ತು ತರುತ್ತದೆ.

ಟ್ಯಾಟೂ ಇದಕ್ಕಿಂತ ಬಿಗಿಯಾದ ಅಡ್ಡಿ. ಶಾಯಿ ಕೂತಿರುವುದು ಮೇಲ್ಪದರದಲ್ಲಲ್ಲ, ಅದರ ಕೆಳಗೆ, ನಾಡಿ ಮಿಡಿಯುವ ಸಣ್ಣ ನಾಳಗಳಿರುವ ಪದರದಲ್ಲೇ. ಕಪ್ಪು ಶಾಯಿ ಎಂದರೆ ಬಹುಪಾಲು ಇಂಗಾಲ, ಅದು ಎಲ್ಲ ಬಣ್ಣದ ಬೆಳಕನ್ನೂ ಹೀರುತ್ತದೆ. ಒತ್ತಾಗಿ ತುಂಬಿಸಿದ ಕಪ್ಪು ಟ್ಯಾಟೂ ಮೇಲೆ 1000ದಲ್ಲಿ 20 ಮಾತ್ರ ಹಿಂದಿರುಗಿತು ಎನ್ನಿ. ದೀಪವನ್ನು ಐದು ಪಟ್ಟು ಜೋರು ಮಾಡಿದರೂ 100, ಅಲೆ 1. ಅಲೆಯೂ ನಾಯ್ಸೂ ಸಮವಾದ ಮೇಲೆ ವಾಚಿಗೆ ಎಣಿಸಲು ಏನೂ ಉಳಿಯುವುದಿಲ್ಲ. ಅಂಥವರ ವಾಚು ಗೆರೆಗಳನ್ನಷ್ಟೇ ತೋರಿಸುತ್ತದೆ, ಇಲ್ಲವೇ ಕೈಯಲ್ಲಿದ್ದೂ ಕೈಯಲ್ಲಿಲ್ಲ ಎಂದುಕೊಂಡು ಪದೇಪದೇ ಲಾಕ್ ಆಗುತ್ತದೆ. 2015ರಲ್ಲಿ ಆಪಲ್ ವಾಚು ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಟ್ಯಾಟೂ ಇದ್ದವರು ಇದನ್ನೇ ದೂರಿದರು. ಶಾಯಿ, ವಿನ್ಯಾಸ, ಬಣ್ಣದ ಒತ್ತು ಇವು ಬೆಳಕನ್ನು ತಡೆಯಬಹುದು ಎಂದು ಕಂಪನಿಯೂ ತಿಳಿಸಿತು.

ಅದರಲ್ಲಿ ‘ವಿನ್ಯಾಸ’ ಎಂಬ ಮಾತು ನಿಮಗೆ ಬಹಳ ಮುಖ್ಯ. ನಿಮ್ಮ ವಾಚಿನ ಅರ್ಧ ಟ್ಯಾಟೂ ಮೇಲಿದೆ, ಅರ್ಧ ಬರಿ ಚರ್ಮದ ಮೇಲಿದೆ. ಓಡುವಾಗ ವಾಚು ಒಂದೆರಡು ಮಿಲಿಮೀಟರ್ ಆಚೀಚೆ ಸರಿದರೂ ಸೆನ್ಸರಿಗೆ ಒಮ್ಮೆ ಕಪ್ಪು, ಒಮ್ಮೆ ಚರ್ಮ ಕಾಣುತ್ತದೆ. ಒಂದೇ ಬಣ್ಣದ ಚರ್ಮದ ಮೇಲೆ ಅಷ್ಟೇ ಸರಿದಿದ್ದರೆ ಬೆಳಕು ಹೆಚ್ಚು ಏರುಪೇರಾಗುತ್ತಿರಲಿಲ್ಲ. ಹೀಗಾಗಿ ಟ್ಯಾಟೂವಿನ ಅಂಚು, ಪೂರ್ತಿ ಟ್ಯಾಟೂವಿಗಿಂತ ಬೇರೊಂದು ರೀತಿಯಲ್ಲಿ ಕೆಡುಕು: ಅದು ಹೆಜ್ಜೆಯ ಕುಲುಕಾಟವನ್ನು ಬೆಳಕಿನ ಅಲೆಯಾಗಿ ಮಾರ್ಪಡಿಸಿಕೊಡುತ್ತದೆ.

ಬಣ್ಣದ ಶಾಯಿಯವರಿಗಾಗಿ ಒಂದು ಮಾತು. ಕೆಂಪು ಶಾಯಿ ಹಸಿರು ಬೆಳಕನ್ನು ಹೀರುತ್ತದೆ. ಚರ್ಮವೈದ್ಯರು ಕೆಂಪು ಟ್ಯಾಟೂ ತೆಗೆಯಲು ಹಸಿರು ಲೇಸರ್ ಬಳಸುವುದು ಈ ಗುಣದಿಂದಲೇ. ಇನ್ನು ಅಜ್ಜಿಯಂದಿರ ಕೈಮೇಲಿನ ಹಚ್ಚೆ ಹಸಿರಾಗಿ ಕಂಡರೂ ಮಸಿಯಿಂದ ಹಾಕಿದ್ದಾದರೆ ಅದು ಇಂಗಾಲವೇ. ಚರ್ಮದ ಒಳಗಿಂದ ನೋಡುವಾಗ ಕಪ್ಪು ನಮ್ಮ ಕಣ್ಣಿಗೆ ಹಸಿರು ನೀಲಿಯಾಗಿ ಕಾಣುತ್ತದೆ ಅಷ್ಟೇ. ಮದರಂಗಿ ಹಾಗಲ್ಲ, ಅದರ ಬಣ್ಣ ಮೇಲಿನ ಸತ್ತ ಪದರದಲ್ಲಿ ನಿಂತು, ಚರ್ಮ ಸವೆದಂತೆ ಕೆಲವು ವಾರಗಳಲ್ಲಿ ಹೋಗಿಬಿಡುತ್ತದೆ.

ಈಗ ಚಳಿ. ಬಣ್ಣ, ಟ್ಯಾಟೂ ಎರಡೂ ಬೆಳಕನ್ನು ಕದ್ದವು. ಚಳಿ ಅಲೆಯನ್ನೇ ಕದಿಯುತ್ತದೆ. ಮೈ ತಣ್ಣಗಾದಾಗ ಒಳಗಿನ ಶಾಖ ಉಳಿಸಿಕೊಳ್ಳಲು ನರಗಳು ಚರ್ಮದ ರಕ್ತನಾಳಗಳನ್ನು ಬಿಗಿಯುತ್ತವೆ. ಬೆರಳ ತುದಿಯಲ್ಲಿ ಇದು ಅತಿ ಹೆಚ್ಚು. ಅಲ್ಲಿ ಅಪಧಮನಿಯಿಂದ ಅಭಿಧಮನಿಗೆ ನೇರ ಅಡ್ಡದಾರಿಗಳಿವೆ. ಸೆಕೆಯಲ್ಲಿ ತೆರೆದುಕೊಂಡು ರಕ್ತವನ್ನು ಧಾರಾಳವಾಗಿ ಹರಿಸುತ್ತವೆ, ಚಳಿಯಲ್ಲಿ ಮುಚ್ಚಿಕೊಳ್ಳುತ್ತವೆ. ಮಣಿಕಟ್ಟಿನಲ್ಲಿ ಅಷ್ಟಿಲ್ಲದಿದ್ದರೂ ನಾಳಗಳು ಕಿರಿದಾಗುವುದು ಖಂಡಿತ. ಆಗ ಹಿಂದಿರುಗುವ ಬೆಳಕು 1000 ಇದ್ದಹಾಗೆಯೇ ಇರುತ್ತದೆ, ಅಲೆ ಮಾತ್ರ 10ರಿಂದ 2ಕ್ಕೆ ಇಳಿಯುತ್ತದೆ. ವಾಚಿಗೆ ಬೆಳಕು ಸಾಲದು ಎಂದು ಅನಿಸುವುದೇ ಇಲ್ಲ, ಆದ್ದರಿಂದ ದೀಪ ಜೋರು ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಮಾಡಿದರೂ ಬೇಡದ್ದು ಬೇಕಾದ್ದು ಎರಡೂ ಒಟ್ಟಿಗೇ ದೊಡ್ಡದಾಗುತ್ತವೆ.

ಕೊನೆಯದು ಸಡಿಲ ಪಟ್ಟಿ. ಇದು ಏನನ್ನೂ ಕದಿಯುವುದಿಲ್ಲ, ಸುಳ್ಳನ್ನು ಸೇರಿಸುತ್ತದೆ. ವಾಚಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೆ ಸಾಕು, ದೀಪದ ಬೆಳಕು ಚರ್ಮದೊಳಗೆ ಇಳಿಯದೆ ಮೇಲ್ಮೈಯಿಂದಲೇ ಪ್ರತಿಫಲಿಸಿ ನೇರವಾಗಿ ಸೆನ್ಸರಿಗೆ ಹೋಗುತ್ತದೆ. ಹಗಲಾದರೆ ಬಿಸಿಲೂ ನುಸುಳುತ್ತದೆ. ಪ್ರತಿ ಹೆಜ್ಜೆಗೂ ಆ ಸಂದು ತೆರೆದು ಮುಚ್ಚುತ್ತಿದ್ದರೆ ಹೆಜ್ಜೆಯ ಲಯದಲ್ಲೇ ಒಂದು ಅಲೆ ಹುಟ್ಟುತ್ತದೆ. ಅದು 20, 40 ಪಾಲು ದೊಡ್ಡದಿರಬಹುದು. 10 ಪಾಲಿನ ನಿಜವಾದ ಅಲೆ ಅದರ ಮುಂದೆ ಚಿಕ್ಕದು.

ಇವನ್ನೆಲ್ಲ ಸೇರಿಸಿ ನಿಮ್ಮ ಬೆಳಗಿನ ಐದೂವರೆಯನ್ನು ನೋಡಿ. ಬಣ್ಣ ಮತ್ತು ಅರ್ಧ ಟ್ಯಾಟೂ ಕದ್ದ ಬೆಳಕನ್ನು ವಾಚು ದೀಪ ಏರಿಸಿ ಹೆಚ್ಚುಕಡಿಮೆ ತುಂಬಿಕೊಂಡಿದೆ, 138 ಸಿಗುತ್ತಿರುವುದೇ ಅದಕ್ಕೆ ಸಾಕ್ಷಿ. ಆದರೆ ಚಳಿಗೆ ಹೃದಯದ ಅಲೆ 2ಕ್ಕೆ ಇಳಿದಿದೆ. ಸಡಿಲ ಪಟ್ಟಿ, ಅದರ ಜೊತೆಗೆ ಟ್ಯಾಟೂವಿನ ಅಂಚು, ಹೆಜ್ಜೆಯ ಲಯದಲ್ಲಿ 20 ಪಾಲಿನ ಅಲೆ ಎಬ್ಬಿಸಿವೆ. ಹದವಾಗಿ ಓಡುವವರು ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುತ್ತಾರೆ. ವಾಚು ಹುಡುಕುವುದು ಎದ್ದು ಕಾಣುವ ಲಯವನ್ನು, ಅದಕ್ಕೆ ಸಿಕ್ಕಿದ್ದು 168. ವಾಚಿನೊಳಗೆ ಚಲನೆ ಅಳೆಯುವ ಇನ್ನೊಂದು ಸೆನ್ಸರ್ ಇದೆ, ಹೆಜ್ಜೆಯ ಲಯ ಎಷ್ಟೆಂದು ತಿಳಿದುಕೊಂಡು ಅದನ್ನು ಬೆಳಕಿನ ಅಲೆಯಿಂದ ಕಳೆಯಲು ವಾಚು ಪ್ರಯತ್ನಿಸುತ್ತದೆ. ಕಳೆದ ಮೇಲೆ ಉಳಿಯುವುದು ನಾಯ್ಸ್‌ಗಿಂತ ತುಸುವೇ ಮೇಲಿರುವ 2 ಪಾಲಿನ ಅಲೆಯಾದರೆ, ಆ ಪ್ರಯತ್ನ ಸೋಲುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಮೈ ಕಾದು ಚರ್ಮದ ನಾಳಗಳು ತೆರೆದವು, ಹೃದಯದ ಅಲೆ 10ಕ್ಕೆ ಏರಿತು. ಬೆವರು ಸಂದನ್ನು ತುಂಬಿ ಸುಳ್ಳು ಅಲೆಯನ್ನು ತಗ್ಗಿಸಿತು. ವಾಚು ಹೆಜ್ಜೆಯನ್ನು ಬಿಟ್ಟು ಹೃದಯವನ್ನು ಹಿಡಿಯಿತು.

ನನ್ನ ಮಾತನ್ನು ನೀವೇ ಪರೀಕ್ಷಿಸಬಹುದು. ನಾಳೆ ವಾಚು 168 ತೋರಿಸುತ್ತಿರುವಾಗ ವೇಗ ಬದಲಿಸದೆ ಹೆಜ್ಜೆಯನ್ನು ಮಾತ್ರ ಗಿಡ್ಡ ಮಾಡಿ, ಒಂದು ನಿಮಿಷ ಬೇಗಬೇಗ ಇಡಿ. ತೋರಿಸುವ ಸಂಖ್ಯೆ 180ರ ಕಡೆಗೆ ಏರಿ, ಹೆಜ್ಜೆ ಉದ್ದ ಮಾಡಿದ ಕೂಡಲೇ ಇಳಿದರೆ ವಾಚು ಎಣಿಸುತ್ತಿರುವುದು ಹೆಜ್ಜೆಯನ್ನೇ. ಆಮೇಲೆ ಥಟ್ಟನೆ ನಿಂತು, ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ, 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. 34 ಸಲ ಮಿಡಿದರೆ 136. ಎಣಿಕೆಯಲ್ಲಿ ಒಂದು ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ, ಆದರೂ 136ನ್ನೂ 168ನ್ನೂ ಬೇರ್ಪಡಿಸಲು ಇಷ್ಟು ಸಾಕು. ನಿಂತ ಕೂಡಲೇ ನಾಡಿ ಇಳಿಯಲು ಶುರುವಾಗುತ್ತದೆ, ಆದ್ದರಿಂದ ತಡ ಮಾಡಬೇಡಿ. ಕೈಯೆಣಿಕೆಯೂ 168ರ ಹತ್ತಿರವೇ ಬಂದರೆ ನನ್ನ ಊಹೆ ತಪ್ಪು ಎಂದಾಯಿತು. ಆಗ ವಾಚನ್ನು ಬಿಟ್ಟು ವೈದ್ಯರಿಗೆ ತೋರಿಸಿ.

ಟ್ಯಾಟೂವಿನ ಪಾಲೆಷ್ಟು ಎಂದು ತಿಳಿಯಲು ಓಡುವುದೇ ಬೇಡ. ಮಧ್ಯಾಹ್ನ ಕೈ ಬೆಚ್ಚಗಿರುವಾಗ ಕುರ್ಚಿಯಲ್ಲಿ ಕೂತು, ಐದು ನಿಮಿಷ ಎಡಗೈಯಲ್ಲಿ, ಐದು ನಿಮಿಷ ಬಲಗೈಯಲ್ಲಿ ವಾಚು ಕಟ್ಟಿ ನೋಡಿ. ಕೂತಲ್ಲಿ ಕುಲುಕಾಟವಿಲ್ಲ, ಚಳಿಯಿಲ್ಲ. ಆಗಲೂ ಎಡಗೈಯಲ್ಲಿ ಮಾತ್ರ ಸಂಖ್ಯೆ ತಪ್ಪಿತಪ್ಪಿ ಬಂದರೆ ಅದು ಶಾಯಿಯ ಕೆಲಸ.

ಪರಿಹಾರಕ್ಕೆ ಬರೋಣ. ವಾಚನ್ನು ಬಲಗೈಗೆ ಕಟ್ಟಿ, ಟ್ಯಾಟೂವಿನ ಅಂಚಿನ ತೊಂದರೆ ಅಲ್ಲಿಗೆ ಮುಗಿಯಿತು. ಮಣಿಕಟ್ಟಿನ ಗೆಣ್ಣಿನಿಂದ ಎರಡು ಬೆರಳಗಲ ಮೇಲಕ್ಕೆ, ಮೊಣಕೈ ಕಡೆಗೆ ಕಟ್ಟಿ. ಅಲ್ಲಿ ಮಾಂಸ ಹೆಚ್ಚು, ಮೂಳೆಯ ಏರುತಗ್ಗು ಕಡಿಮೆ. ಬಿಗಿ ಎಷ್ಟಿರಬೇಕು ಎಂದರೆ, ವಾಚನ್ನು ಬೆರಳಿನಿಂದ ಸರಿಸಿದಾಗ ಅದರ ಜೊತೆ ಚರ್ಮವೂ ಸರಿಯಬೇಕು. ವಾಚು ಒಂದೇ ಜಾರಿದರೆ ಸಡಿಲ. ಕೈ ಜೋಮು ಹಿಡಿದರೆ, ಬಿಚ್ಚಿದಾಗ ಆಳವಾದ ಗುರುತು ಉಳಿದರೆ ಅತಿ ಬಿಗಿ. ಅದೂ ತಪ್ಪು, ಏಕೆಂದರೆ ಒತ್ತಡಕ್ಕೆ ಸಣ್ಣ ನಾಳಗಳು ಮುಚ್ಚಿ ಅಲೆ ಮತ್ತೆ ಕುಗ್ಗುತ್ತದೆ. ಚರ್ಮ ಕೆಂಪಾಗುವ ಭಯಕ್ಕೆ ದಿನವಿಡೀ ಸಡಿಲ ಬಿಡುವುದು ಬೇಡ. ಓಡುವ ಮುಕ್ಕಾಲು ಗಂಟೆ ಮಾತ್ರ ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ, ಬೆವರು ಒರೆಸಿ, ತಳವನ್ನು ತೊಳೆದು ಒಣಗಿಸಿ.

ಚಳಿಗೆ ಮನೆಯೊಳಗೇ ಐದು ನಿಮಿಷ ಕೈಕಾಲು ಆಡಿಸಿ ಮೈ ಕಾಯಿಸಿಕೊಂಡು, ಉದ್ದ ತೋಳಿನ ಅಂಗಿಯ ಒಳಗೆ ವಾಚು ಇರುವಂತೆ ಹೊರಡಿ. ಇಷ್ಟು ಮಾಡಿಯೂ ಮೊದಲ ನಿಮಿಷಗಳು ತಪ್ಪಿದರೆ ಎದೆಪಟ್ಟಿ ಕೊಳ್ಳಿ ಎನ್ನುತ್ತೇನೆ. ಅದು ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುತ್ತದೆ, ಬೆಳಕಿನ ಗೊಡವೆಯೇ ಇಲ್ಲದ್ದರಿಂದ ಬಣ್ಣ, ಶಾಯಿ, ತಣ್ಣನೆಯ ಕೈ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಕಟ್ಟುವ ಮುಂಚೆ ಅದರ ಒಳಭಾಗವನ್ನು ನೀರಿನಿಂದ ಒದ್ದೆ ಮಾಡುವುದನ್ನು ಮರೆಯಬೇಡಿ. ಒಣಗಿದ್ದರೆ ಬೆವರು ಬರುವವರೆಗೆ ಅದೂ ಸುಳ್ಳು ಹೇಳುತ್ತದೆ.

ತಾಯಿಯವರ ಆಕ್ಸಿಮೀಟರಿನ ಅಡ್ಡಗೆರೆಯೂ ಬಹುಶಃ ಅದೇ ಚಳಿಯದ್ದು. ಅಲ್ಲಿ ಬೆಳಕು ಬೆರಳನ್ನು ತೂರಿಕೊಂಡು ಆಚೆ ಬರಬೇಕು, ಮತ್ತು ಚಳಿಗೆ ಎಲ್ಲಕ್ಕಿಂತ ಮೊದಲು ಮುಚ್ಚಿಕೊಳ್ಳುವುದು ಬೆರಳ ತುದಿಯ ನಾಳಗಳೇ. ಕೈಯನ್ನು ಉಜ್ಜಿ, ಹೊದಿಕೆಯೊಳಗೆ ಐದು ನಿಮಿಷ ಬೆಚ್ಚಗಿಡಿ, ಉಗುರುಬಣ್ಣ ಇದ್ದರೆ ಒರೆಸಿ. ಕೈಯನ್ನು ಎದೆಯ ಮಟ್ಟದಲ್ಲಿಟ್ಟು, ಮಧ್ಯದ ಬೆರಳಿಗೆ ಹಾಕಿ, ಸಂಖ್ಯೆ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ಕೆಲವು ಯಂತ್ರಗಳ ಪರದೆಯಲ್ಲಿ `PI` ಎಂಬ ಅಂಕಿ ಇರುತ್ತದೆ. ಅದು ನಾನು ಮೇಲೆ ಹೇಳಿದ ಅಲೆ ಒಟ್ಟು ಬೆಳಕಿನ ಶೇಕಡಾ ಎಷ್ಟು ಎಂಬುದರ ಲೆಕ್ಕ. 0.5ಕ್ಕಿಂತ ಕೆಳಗಿದ್ದರೆ ನಾನಾದರೆ ಯಂತ್ರ ತೋರಿಸಿದ ಸಂಖ್ಯೆಯನ್ನು ಬರೆದುಕೊಳ್ಳುವುದಿಲ್ಲ, ಕೈ ಕಾಯಿಸಿ ಮತ್ತೆ ನೋಡುತ್ತೇನೆ.

ತಾಯಿಯವರ ಮೈಬಣ್ಣವೂ ನಿಮ್ಮಂತೆಯೇ ಇದ್ದರೆ ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಇಲ್ಲಿ ಬಣ್ಣದ ಪ್ರಶ್ನೆ ನಿಜಕ್ಕೂ ಗಂಭೀರ. ನಾಡಿಯ ಎಣಿಕೆಗೆ ಅಲೆ ಯಾವಾಗ ಬಂತು ಎಂಬುದಷ್ಟೇ ಬೇಕು. `SpO2`, ಎಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಲೆಕ್ಕ ಹಾಕಲು ಕೆಂಪು ಬೆಳಕಿನ ಅಲೆ ಎಷ್ಟು ದೊಡ್ಡದು, ಇನ್‌ಫ್ರಾರೆಡ್ ಬೆಳಕಿನ ಅಲೆ ಎಷ್ಟು ದೊಡ್ಡದು ಎಂದು ಹೋಲಿಸಬೇಕು. ಮೆಲನಿನ್ ಈ ಎರಡು ಬೆಳಕನ್ನು ಒಂದೇ ಸಮನಾಗಿ ಹೀರುವುದಿಲ್ಲ. ಜೊತೆಗೆ, ಹೋಲಿಕೆಯಿಂದ ಬಂದ ಅಂಕಿಯನ್ನು ಆಮ್ಲಜನಕದ ಶೇಕಡಾವಾರಿಗೆ ಬದಲಿಸುವ ಕೋಷ್ಟಕವನ್ನು ಜನರ ಮೇಲೆ ಪರೀಕ್ಷಿಸಿಯೇ ಮಾಡುವುದು. ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಹಾಕಿದ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಹತ್ತು ಜನರ ಮೇಲೆ ಪರೀಕ್ಷಿಸಿ, ಅವರಲ್ಲಿ ಇಬ್ಬರು ಗಾಢ ಮೈಬಣ್ಣದವರಿದ್ದರೆ ಸಾಕಿತ್ತು. 2020ರ ಡಿಸೆಂಬರಿನಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನ ತೊಂದರೆ ಎಷ್ಟು ದೊಡ್ಡದೆಂದು ತೋರಿಸಿತು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ಅಪಧಮನಿಯ ರಕ್ತ ತೆಗೆದು ನೋಡಿದರೆ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು, ಕಪ್ಪು ವರ್ಣದ ರೋಗಿಗಳಲ್ಲಿ ನೂರಕ್ಕೆ 11.7 ಸಲ, ಬಿಳಿಯರಲ್ಲಿ 3.6 ಸಲ. 2025ರ ಜನವರಿಯಲ್ಲಿ ಎಫ್‌ಡಿಎ ಹೆಚ್ಚು ಜನರನ್ನೂ ಹೆಚ್ಚು ಮೈಬಣ್ಣಗಳನ್ನೂ ಒಳಗೊಂಡು ಪರೀಕ್ಷಿಸಬೇಕೆಂಬ ಕರಡನ್ನು ಹೊರಡಿಸಿತು. ಮನೆಮನೆಯಲ್ಲಿರುವ ಎಷ್ಟೋ ಯಂತ್ರಗಳು ಅದಕ್ಕೂ ಹಿಂದಿನವು.

ಆದ್ದರಿಂದ ತಾಯಿಯವರು ಚೆನ್ನಾಗಿರುವ ದಿನಗಳಲ್ಲೇ ಒಂದು ವಾರ, ದಿನಕ್ಕೊಮ್ಮೆ, ಕೈ ಬೆಚ್ಚಗಿರುವಾಗ ಯಂತ್ರದ ಸಂಖ್ಯೆ ನೋಡಿ ಬರೆದಿಡಿ. ದಿನವೂ 97 ತೋರಿಸುವ ಯಂತ್ರ, ಕೈ ಬೆಚ್ಚಗಿದ್ದೂ ಒಂದು ದಿನ 93 ತೋರಿಸಿದರೆ ಆ ಇಳಿತವನ್ನು ನಂಬಿ ವೈದ್ಯರಲ್ಲಿ ಹೋಗಿ. ಅವರಿಗೆ ಉಸಿರು ಕಟ್ಟಿದಂತಾದರೆ, ಮಾತು ಮುಗಿಸಲು ಉಸಿರು ಸಾಲದಿದ್ದರೆ, ಯಂತ್ರ 95 ತೋರಿಸುತ್ತಿದ್ದರೂ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.